ಕಾಲ್ ಯಾಕೆ ಬರುತ್ತಿಲ್ಲ? ರಿಕ್ರೂಟರ್ ಹತ್ತಿರ ಕೇಳಬೇಕಾದ ಪ್ರಶ್ನೆ



ಕೆಲಸ ಹುಡುಕುತ್ತಿರುವವರಿಂದ ನಮ್ಮಂಥ ರಿಕ್ರೂಟರ್‌ಗಳಿಗೆ ಬರುವ ಸಂದೇಶ ಬಹುಪಾಲು ಒಂದೇ ಥರ ಇರುತ್ತದೆ: "ದಯವಿಟ್ಟು ನನ್ನ ರೆಸ್ಯೂಮೆ ನೋಡಿ, ಎಲ್ಲಿಂದಲೂ ಕಾಲ್ ಬರುತ್ತಿಲ್ಲ." ನಮ್ಮಿಂದ ಹೋಗುವ ಉತ್ತರವೂ ಒಂದೇ: "ಪ್ರೊಫೈಲ್ ಚೆನ್ನಾಗಿದೆ, ಸೂಕ್ತ ಹುದ್ದೆ ಬಂದರೆ ತಿಳಿಸುತ್ತೇವೆ." ಈ ಉತ್ತರದಿಂದ ಕೇಳಿದವರಿಗೆ ಏನೂ ಸಿಗುವುದಿಲ್ಲ. ಹಾಗೆಂದು ರಿಕ್ರೂಟರ್‌ಗಳು ಮನಸ್ಸಿಲ್ಲದವರೇನೂ ಅಲ್ಲ. ಒಂದು ಹುದ್ದೆಯ ಅಭ್ಯರ್ಥಿಗಳ ಪಟ್ಟಿಯನ್ನು ಸಂಜೆಯೊಳಗೆ ಕಳಿಸಬೇಕಾದ ಒತ್ತಡದಲ್ಲಿರುವವರಿಗೆ "ನನ್ನ ರೆಸ್ಯೂಮೆ ಹೇಗಿದೆ" ಎಂಬ ಪ್ರಶ್ನೆಗೆ ನಿಜವಾದ ಉತ್ತರ ಕೊಡಲು ಅರ್ಧ ಗಂಟೆಯಾದರೂ ಬೇಕು. ನಿಜ ಹೇಳಿದಾಗ ಜಗಳಕ್ಕೆ ನಿಂತವರ ನೆನಪು ಎಲ್ಲ ರಿಕ್ರೂಟರ್‌ಗಳಿಗೂ ಇರುತ್ತದೆ. ಹಾಗಾಗಿ ಒಳ್ಳೆಯ ಮಾತು ಹೇಳಿ ಮುಗಿಸುತ್ತಾರೆ.

ನಿಜವಾದ ಉತ್ತರ ಬೇಕಿದ್ದರೆ ಪ್ರಶ್ನೆಯನ್ನೇ ಬದಲಾಯಿಸಬೇಕು. ಹೇಗೆ ಎಂದು ಹೇಳಲು ಒಬ್ಬ ಹೆಣ್ಣುಮಗಳ ವಿಷಯ ತೆಗೆದುಕೊಳ್ಳುತ್ತೇನೆ. ಅವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಧಾರವಾಡದ ಕಡೆಯವರು, ಬಿ.ಕಾಂ. ಓದಿದವರು. ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದರು. ಹಿಂದಿನ ಕೆಲಸವೂ ಸೇರಿ ಐದೂವರೆ ವರ್ಷದ ಅನುಭವ. ತಿಂಗಳುಗಟ್ಟಲೆ ಅರ್ಜಿ ಹಾಕಿದರೂ ಕರೆ ಬಂದದ್ದು ಬೆರಳೆಣಿಕೆಯಷ್ಟು, ಅದೂ ವಿಮೆ ಮಾರುವ ಕೆಲಸಕ್ಕೆ. ಅವರು ನನಗೆ ಕಳಿಸಿದ ಸಂದೇಶ ಬೇರೆಯವರದರಂತೆ ಇರಲಿಲ್ಲ. ಹೆಚ್ಚುಕಡಿಮೆ ಹೀಗಿತ್ತು:

"ನಮಸ್ಕಾರ ಮೇಡಂ. ಕಳೆದ ತಿಂಗಳು ನೀವು ಹಾಕಿದ್ದ ಬೊಮ್ಮಸಂದ್ರದ ಅಕೌಂಟೆಂಟ್ ಹುದ್ದೆಗೆ ನಾನು ಅರ್ಜಿ ಹಾಕಿದ್ದೆ. ಆ ಹುದ್ದೆ ಈಗ ತುಂಬಿರಬಹುದು, ಅದನ್ನು ಕೇಳುತ್ತಿಲ್ಲ. ನನ್ನ ಅರ್ಜಿ ಯಾವ ಹಂತದಲ್ಲಿ ಬಿತ್ತು ಅಂತ ಮಾತ್ರ ಹೇಳುತ್ತೀರಾ? ಹುಡುಕಿದಾಗ ಬರಲೇ ಇಲ್ಲವೇ, ಬಂದರೂ ತೆರೆಯಲಿಲ್ಲವೇ, ತೆರೆದು ಬಿಟ್ಟಿರಾ, ಅಥವಾ ಕಂಪನಿಯವರು ಬೇಡ ಅಂದರಾ? ಹತ್ತು ನಿಮಿಷ ಸಾಕು. ನೀವು ಏನು ಹೇಳಿದರೂ ವಾದ ಮಾಡುವುದಿಲ್ಲ."

ನಾನು ಅಂದೇ ಫೋನ್ ಮಾಡಿದೆ. ಯಾಕೆ ಮಾಡಿದೆ ಎಂಬುದನ್ನು ಗಮನಿಸಿ. ಪ್ರಶ್ನೆ ನಾನೇ ಕೈಯಾರೆ ನಿಭಾಯಿಸಿದ ಒಂದು ಹುದ್ದೆಯ ಬಗ್ಗೆ ಇತ್ತು. ಉತ್ತರಕ್ಕಾಗಿ ನಾನು ಯೋಚಿಸಬೇಕಿರಲಿಲ್ಲ, ಕಡತ ತೆರೆದು ನೋಡಿದರೆ ಸಾಕಿತ್ತು. ಕೆಲಸ ಕೊಡಿಸಿ ಎಂಬ ಭಾರವನ್ನು ಅವರು ನನ್ನ ಮೇಲೆ ಹಾಕಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕಾಲ್ ಬಾರದಿರುವುದಕ್ಕೆ ನಾಲ್ಕು ಬೇರೆ ಬೇರೆ ಕಾರಣಗಳಿರುತ್ತವೆ, ಪ್ರತಿಯೊಂದಕ್ಕೂ ಮದ್ದು ಬೇರೆ ಎಂಬುದು ಅವರಿಗೆ ಗೊತ್ತಿತ್ತು. ಹೊರಗಿನವರಿಗೆ ಈ ವಿಷಯ ಅಷ್ಟಾಗಿ ತಿಳಿಯದು.

ನಮ್ಮ ಕೆಲಸ ನಡೆಯುವ ಬಗೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಹುದ್ದೆ ಪ್ರಕಟಿಸಿ, ಬಂದ ಅರ್ಜಿಗಳನ್ನೆಲ್ಲ ಒಂದೊಂದಾಗಿ ಓದುತ್ತೇವೆ ಎಂದು ಹಲವರು ತಿಳಿದಿದ್ದಾರೆ. ನಮ್ಮ ದೇಶದಲ್ಲಿ ಬಹುಪಾಲು ಹುಡುಕಾಟ ನಡೆಯುವುದು ಉಲ್ಟಾ ದಿಕ್ಕಿನಲ್ಲಿ. ನೌಕ್ರಿಯಂಥ ಜಾಲತಾಣಗಳಲ್ಲಿ ನೀವು ಇಟ್ಟಿರುವ ಪ್ರೊಫೈಲ್‌ಗಳ ದೊಡ್ಡ ಭಂಡಾರವನ್ನು ಕಂಪನಿಗಳೂ ಕನ್ಸಲ್ಟೆನ್ಸಿಗಳೂ ಹಣ ಕೊಟ್ಟು ಬಳಸುತ್ತವೆ. ನಾವೇ ಒಳಗೆ ಹೋಗಿ ಹುಡುಕುತ್ತೇವೆ. ಹುಡುಕುವ ಪುಟದಲ್ಲಿ ಕೆಲವು ಖಾನೆಗಳಿರುತ್ತವೆ: ಬೇಕಾದ ಪದಗಳು, ಅನುಭವದ ವರ್ಷ, ಊರು, ಸಂಬಳ, ನೋಟಿಸ್ ಪೀರಿಯಡ್, ಅಭ್ಯರ್ಥಿ ಇತ್ತೀಚೆಗೆ ಯಾವಾಗ ಲಾಗಿನ್ ಆಗಿದ್ದರು ಎಂಬುದು. ಬೊಮ್ಮಸಂದ್ರದ ಹುದ್ದೆಗೆ ನಾನು ತುಂಬಿದ್ದು ಹೀಗೆ: ಅಕೌಂಟೆಂಟ್, ಜಿಎಸ್‌ಟಿ, ಟ್ಯಾಲಿ, ನಾಲ್ಕರಿಂದ ಏಳು ವರ್ಷ, ಬೆಂಗಳೂರು, ವರ್ಷಕ್ಕೆ 5 ಲಕ್ಷದೊಳಗೆ, ನೋಟಿಸ್ ಒಂದು ತಿಂಗಳು ಅಥವಾ ಕಡಿಮೆ, ಕಳೆದ ಮೂವತ್ತು ದಿನಗಳಲ್ಲಿ ಸಕ್ರಿಯರಾಗಿರುವವರು. ಈ ಆರು ಷರತ್ತುಗಳಲ್ಲಿ ಒಂದು ತಪ್ಪಿದರೂ ಆ ಅಭ್ಯರ್ಥಿಯ ಹೆಸರು ನನ್ನ ಪರದೆಗೆ ಬರುವುದಿಲ್ಲ. ಅವರ ರೆಸ್ಯೂಮೆ ಎಷ್ಟೇ ಚೆನ್ನಾಗಿರಲಿ, ಅದನ್ನು ಓದುವ ಪ್ರಸಂಗವೇ ಬರುವುದಿಲ್ಲ.

ಫೋನಿನಲ್ಲಿ ಮಾತಾಡುತ್ತಲೇ ಅವರ ಪ್ರೊಫೈಲನ್ನು ಹೆಸರು ಹಾಕಿ ತೆರೆದೆ. ಊರಿನ ಖಾನೆಯಲ್ಲಿ ಧಾರವಾಡ ಎಂದಿತ್ತು.

"ಈಗ ನೀವಿರುವುದು ಎಲ್ಲಿ?"

"ಲಗ್ಗೆರೇಲಿ ರೀ ಮೇಡಂ. ಕಾಲೇಜು ಮುಗಿಸಿದಾಗ ಮಾಡಿದ ಪ್ರೊಫೈಲ್ ಅದು, ಹಂಗ ಉಳದದ."

ನೋಟಿಸ್ ಪೀರಿಯಡ್ ಮೂರು ತಿಂಗಳು ಎಂದಿತ್ತು. ನೇಮಕಾತಿ ಪತ್ರ ತೆಗೆದು ನೋಡಿ ಎಂದೆ. ಅದರಲ್ಲಿ ಮೂವತ್ತು ದಿನ ಎಂದು ಸ್ಪಷ್ಟವಾಗಿ ಬರೆದಿತ್ತು. ಐಟಿ ಕಂಪನಿಯಲ್ಲಿರುವ ಗೆಳತಿಗೆ ಮೂರು ತಿಂಗಳಿತ್ತು, ಎಲ್ಲರಿಗೂ ಹಾಗೇ ಇರುತ್ತದೆಂದು ಅವರು ಅದನ್ನೇ ಆರಿಸಿದ್ದರು. ಹುದ್ದೆಯ ಹೆಸರು "ಆಫೀಸ್ ಎಕ್ಸಿಕ್ಯುಟಿವ್". ಕಾರ್ಖಾನೆಯವರು ಕೊಟ್ಟ ಹೆಸರು ಅದೇ ಆಗಿದ್ದರಿಂದ ಅವರು ಸುಳ್ಳು ಬರೆದಿರಲಿಲ್ಲ. ಆದರೆ ಇಡೀ ಪ್ರೊಫೈಲಿನಲ್ಲಿ "ಅಕೌಂಟೆಂಟ್" ಎಂಬ ಪದ ಒಂದು ಸಲವೂ ಬಂದಿರಲಿಲ್ಲ.

ಅಲ್ಲಿಗೆ ಮೊದಲ ಹಂತದ ಉತ್ತರ ಸಿಕ್ಕಿತು. ನನ್ನ ಆರು ಷರತ್ತುಗಳಲ್ಲಿ ಮೂರು ತಪ್ಪಿದ್ದವು, ಹಾಗಾಗಿ ನನ್ನ ಹುಡುಕಾಟದಲ್ಲಿ ಅವರು ಬರುವ ಸಾಧ್ಯತೆಯೇ ಇರಲಿಲ್ಲ. ಅವರು ನೇರವಾಗಿ ಹಾಕಿದ ಅರ್ಜಿ ಬಂದಿತ್ತು, ನಿಜ. ಆದರೆ ಬಂದ ಅರ್ಜಿಗಳ ಮೇಲೂ ಅವೇ ಜರಡಿಗಳನ್ನು ಹಾಕಿ ನೋಡುತ್ತೇವೆ. ಊರು ಮತ್ತು ನೋಟಿಸ್ ಎರಡರಲ್ಲೇ ಅದು ಕೆಳಗೆ ಹೋಗಿತ್ತು. ಇಷ್ಟು ದಿನ ಅವರು ರೆಸ್ಯೂಮೆಯ ಅಕ್ಷರ ವಿನ್ಯಾಸ, ಬಣ್ಣ ಬದಲಿಸುತ್ತ ಕೂತಿದ್ದರು. ತೊಂದರೆ ರೆಸ್ಯೂಮೆ ತೆರೆಯುವ ಮೊದಲೇ ಇತ್ತು.

ಹುದ್ದೆಯ ಹೆಸರಿನ ವಿಷಯದಲ್ಲಿ ಒಂದು ಎಚ್ಚರ ಬೇಕು. ಕಂಪನಿ ಕೊಟ್ಟ ಹೆಸರನ್ನು ಬದಲಿಸಿ ಬರೆದರೆ ಮುಂದೆ ಹಿನ್ನೆಲೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ. ಅನುಭವದ ಭಾಗದಲ್ಲಿ ಆಫೀಸ್ ಎಕ್ಸಿಕ್ಯುಟಿವ್ ಎಂದೇ ಇರಲಿ, ಪಕ್ಕದಲ್ಲಿ "ಅಕೌಂಟ್ಸ್ ಮತ್ತು ಜಿಎಸ್‌ಟಿ" ಎಂದು ಬರೆಯಿರಿ. ಪ್ರೊಫೈಲಿನ ತಲೆಸಾಲಿನಲ್ಲಿ ಮಾತ್ರ ನೀವು ಮಾಡುವ ಕೆಲಸದ ಹೆಸರು ಇರಲಿ: ಐದೂವರೆ ವರ್ಷದ ಅನುಭವವಿರುವ ಅಕೌಂಟೆಂಟ್, ಜಿಎಸ್‌ಟಿ, ಟ್ಯಾಲಿ, ಉತ್ಪಾದನಾ ಘಟಕ. ತಲೆಸಾಲು ನಿಮ್ಮದು, ಅದು ಕಂಪನಿಯ ದಾಖಲೆ ಅಲ್ಲ. ಹುಡುಕಿದಾಗ ಬರುವ ಪಟ್ಟಿಯಲ್ಲಿ ನಮಗೆ ಮೊದಲು ಕಾಣುವುದೂ ಅದೇ. ಪಕ್ಕದಲ್ಲಿ ಅನುಭವ, ಸಂಬಳ, ಊರು, ನೋಟಿಸ್, ಕೆಲವು ಕೌಶಲಗಳು ಇರುತ್ತವೆ. ಎರಡನೆಯ ಹಂತ ಇದು: ಇಷ್ಟನ್ನು ನೋಡಿಯೇ ರೆಸ್ಯೂಮೆ ತೆರೆಯಬೇಕೋ ಬೇಡವೋ ಎಂದು ತೀರ್ಮಾನಿಸುತ್ತೇವೆ.

ಆಮೇಲೆ ರೆಸ್ಯೂಮೆ ತೆರೆದೆ. ಎಲ್ಲಿಂದಲೋ ಇಳಿಸಿಕೊಂಡ ಎರಡು ಅಂಕಣದ ಮಾದರಿ. ಎಡಗಡೆ ಬಣ್ಣದ ಪಟ್ಟಿ, ಅದರೊಳಗೆ ಫೋನ್ ನಂಬರು, ಕೌಶಲಗಳ ಮುಂದೆ ಚುಕ್ಕಿಗಳು. ಕಣ್ಣಿಗೆ ಚೆಂದವಾಗಿತ್ತು. ಪಿಡಿಎಫ್‌ನಲ್ಲಿರುವುದನ್ನೆಲ್ಲ ಆಯ್ದು, ಕಾಪಿ ಮಾಡಿ, ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ ಎಂದು ಅವರಿಗೆ ಹೇಳಿದೆ. ಮಾಡಿದರು. ಕಾರ್ಖಾನೆಯ ಹೆಸರಿನ ಮಧ್ಯೆ ಟ್ಯಾಲಿ ಬಂದು ಸೇರಿತ್ತು, ಇಸವಿಗಳು ಬೇರೆಲ್ಲೋ ಹೋಗಿದ್ದವು, ಫೋನ್ ನಂಬರು ಇರಲೇ ಇಲ್ಲ. ಅದು ಅಕ್ಷರವಾಗಿರದೆ ಚಿತ್ರದ ಭಾಗವಾಗಿತ್ತು. ಅರ್ಜಿಗಳನ್ನು ಓದಿ ಖಾನೆ ತುಂಬುವ ತಂತ್ರಾಂಶಗಳಿಗೂ ರೆಸ್ಯೂಮೆ ಹೆಚ್ಚುಕಡಿಮೆ ಹೀಗೆಯೇ ಕಾಣುತ್ತದೆ. ಈ ಪರೀಕ್ಷೆಗೆ ಯಾವ ರಿಕ್ರೂಟರೂ ಬೇಡ, ನೀವು ಈಗಲೇ ಮಾಡಿಕೊಳ್ಳಬಹುದು. ಪೇಸ್ಟ್ ಮಾಡಿದ್ದು ಮೇಲಿಂದ ಕೆಳಗೆ ಸರಿಯಾಗಿ ಓದಿಸಿಕೊಂಡರೆ ಆ ವಿಷಯ ಅಲ್ಲಿಗೆ ಬಿಡಿ.

ಇನ್ನು ಮೂರನೆಯ ಹಂತ. ರೆಸ್ಯೂಮೆ ತೆರೆದವರು ಯಾಕೆ ಕೈಬಿಡುತ್ತಾರೆ? ನನಗೆ ಹೆಚ್ಚು ಬೇಸರ ತರುವುದು ಇದೇ, ಯಾಕೆಂದರೆ ಒಳ್ಳೆಯ ಕೆಲಸಗಾರರು ಕಳೆದುಹೋಗುವುದು ಇಲ್ಲಿ. ಈ ಹೆಣ್ಣುಮಗಳ ಮೊದಲ ಪುಟದ ಮೇಲ್ಭಾಗದಲ್ಲಿ ಸವಾಲಿನ ವಾತಾವರಣದಲ್ಲಿ ಬೆಳೆಯುವ ಗುರಿಯ ಬಗ್ಗೆ ನಾಲ್ಕು ಸಾಲಿತ್ತು. ಕೊನೆಯಲ್ಲಿ ತಂದೆಯ ಹೆಸರು, ಧರ್ಮ, ವಿವಾಹಿತೆಯೇ ಎಂಬ ವಿವರ, ಮೇಲಿನದೆಲ್ಲ ಸತ್ಯ ಎಂಬ ಘೋಷಣೆ. ಅವೆಲ್ಲವನ್ನೂ ತೆಗೆಯಲು ಹೇಳಿದೆ. ಧರ್ಮ, ಮದುವೆಯ ವಿವರಗಳಿಂದ ಲೆಕ್ಕಪತ್ರದ ಕೆಲಸಕ್ಕೆ ಯಾವ ಉಪಯೋಗವೂ ಇಲ್ಲ, ಅವು ನಿಮ್ಮ ವಿರುದ್ಧ ಬಳಕೆಯಾಗಬಾರದು. ಅನುಭವದ ಭಾಗದಲ್ಲಿ ಇದ್ದದ್ದು ಒಂದೇ ಸಾಲು: ಎಲ್ಲ ಬಗೆಯ ಅಕೌಂಟ್ಸ್ ಕೆಲಸ ನೋಡಿಕೊಳ್ಳುತ್ತೇನೆ.

"ಎಲ್ಲ ಬಗೆ ಅಂದರೆ ಏನು? ಪ್ರತಿ ತಿಂಗಳು 14ನೇ ತಾರೀಖಿನಿಂದ 20ರವರೆಗೆ ನೀವು ಏನು ಮಾಡುತ್ತೀರಿ?"

ಜಿಎಸ್‌ಟಿ ಕೆಲಸ ಬಲ್ಲವರಿಗೆ ಈ ಪ್ರಶ್ನೆಯ ಒಳಗು ತಿಳಿಯುತ್ತದೆ. ಮಾರಿದವರು ತಮ್ಮ ತಿಂಗಳ ಮಾರಾಟದ ವಿವರವನ್ನು 11ರೊಳಗೆ ಸಲ್ಲಿಸುತ್ತಾರೆ. 14ರಂದು ಕೊಂಡವರ ಖಾತೆಯಲ್ಲಿ ಜಿಎಸ್‌ಟಿಆರ್-2ಬಿ ಎಂಬ ಪಟ್ಟಿ ತಯಾರಾಗುತ್ತದೆ. 20ರೊಳಗೆ 3ಬಿ ಸಲ್ಲಿಸಿ ತೆರಿಗೆ ಕಟ್ಟಬೇಕು. ಸರಬರಾಜುದಾರರು ಸಲ್ಲಿಸದೆ ಬಿಟ್ಟ ಬಿಲ್ಲು 2ಬಿಯಲ್ಲಿ ಬಾರದಿದ್ದರೆ ಆ ಬಿಲ್ಲಿನ ತೆರಿಗೆಯ ಕ್ರೆಡಿಟ್ ಆ ತಿಂಗಳು ಸಿಗುವುದಿಲ್ಲ, ಮಾಲೀಕರು ಅಷ್ಟು ಹಣವನ್ನು ಕೈಯಿಂದ ಹಾಕಬೇಕಾಗುತ್ತದೆ. ಕಾರ್ಖಾನೆಯ ಅಕೌಂಟೆಂಟ್ ಒಬ್ಬರ ಬೆಲೆ ಏನೆಂದು ತಿಳಿಯುವುದು ಈ ಏಳು ದಿನಗಳಲ್ಲಿ.

ಅವರು ಒಂದು ಕ್ಷಣ ಸುಮ್ಮನಿದ್ದು ಹೇಳಿದರು: "ತಿಂಗಳಿಗೆ ಒಂದ್ ಮುನ್ನೂರು ಖರೀದಿ ಬಿಲ್ ಬರ್ತಾವ್ರಿ. ಟ್ಯಾಲಿದಾಗ ಇರೋದಕ್ಕೂ 2ಬಿಗೂ ತಾಳೆ ಹಾಕ್ತೀನಿ. ಬರದೇ ಇದ್ದವರಿಗೆಲ್ಲ ಫೋನ್ ಹಚ್ಚಿ ಸಲ್ಲಿಸಾಕ ಹೇಳ್ತೀನಿ. ಸಲ್ಲಿಸೋತನಕ ಅವರ ಬಿಲ್ಲಿನ ತೆರಿಗೆ ಭಾಗ ತಡದ ಇಡಬೇಕಂತ ಸಾಹೇಬರಿಗೆ ನಾನ ಹೇಳಿ ಪದ್ಧತಿ ಮಾಡೀನ್ರಿ. ಆಮೇಲೆ ಎಲ್ಲಾರೂ ಟೈಮಿಗೆ ಹಾಕ್ತಾರ."

ಇದರ ಒಂದು ಅಕ್ಷರವೂ ರೆಸ್ಯೂಮೆಯಲ್ಲಿ ಇರಲಿಲ್ಲ. ಯಾಕೆ ಬರೆದಿಲ್ಲ ಎಂದು ಕೇಳಿದೆ. "ಅದು ದಿನದ ಕೆಲಸ ಅಲ್ರೀ, ಅದನ್ನೇನ್ ಬರಿಯೋದು" ಎಂದರು.

ದಿನದ ಕೆಲಸವೇ ಬೇಕಾಗಿರುವುದು, ಕೇಳುಗರೇ. ಬೊಮ್ಮಸಂದ್ರದ ಕಂಪನಿಯವರು ಹುಡುಕುತ್ತಿದ್ದುದು ಸರಿಯಾಗಿ ಈ ಕೆಲಸ ಬಲ್ಲವರನ್ನು. ಆಮೇಲೆ ನಾವಿಬ್ಬರೂ ಕೂಡಿ ಆ ಒಂದು ಸಾಲಿನ ಜಾಗದಲ್ಲಿ ನಾಲ್ಕು ಸಾಲು ಬರೆದೆವು. ತಿಂಗಳಿಗೆ ಸುಮಾರು 300 ಖರೀದಿ ಬಿಲ್ಲುಗಳನ್ನು ಟ್ಯಾಲಿಯಲ್ಲಿ ದಾಖಲಿಸಿ 2ಬಿ ಜೊತೆ ತಾಳೆ ನೋಡುವುದು. ಬಿಲ್ಲು ಸಲ್ಲಿಸದ ಸರಬರಾಜುದಾರರ ತೆರಿಗೆ ಮೊತ್ತ ತಡೆಹಿಡಿಯುವ ಪದ್ಧತಿ ತಂದದ್ದು. ಮಾಸಿಕ ರಿಟರ್ನ್‌ಗಳನ್ನು ತಾನೇ ತಯಾರಿಸಿ, ಲೆಕ್ಕಪರಿಶೋಧಕರ ಒಪ್ಪಿಗೆ ಪಡೆದು ಸಲ್ಲಿಸುವುದು. ಎರಡು ಬ್ಯಾಂಕ್ ಖಾತೆಗಳ ತಾಳೆ. ಲೆಕ್ಕಪರಿಶೋಧಕರು ನೋಡುತ್ತಾರೆ ಎಂಬುದನ್ನು ಬೇಕೆಂದೇ ಸೇರಿಸಿದೆವು. ಎಲ್ಲವನ್ನೂ ಒಬ್ಬಳೇ ಮಾಡುತ್ತೇನೆ ಎಂದು ಬರೆದರೆ ಸಂದರ್ಶನದ ಎರಡನೆಯ ಪ್ರಶ್ನೆಗೇ ಗೊತ್ತಾಗುತ್ತದೆ. ತಾನು ಮಾಡಿದ್ದೆಷ್ಟು, ಬೇರೆಯವರು ಮಾಡಿದ್ದೆಷ್ಟು ಎಂದು ಗೆರೆ ಎಳೆದವರನ್ನು ಲೆಕ್ಕದ ಕೆಲಸದಲ್ಲಿ ಬೇಗ ನಂಬುತ್ತಾರೆ.

ಅವರು ಹೇಳಲು ಹಿಂಜರಿದ ವಿಷಯ ಒಂದಿತ್ತು. ಎರಡು ಕೆಲಸಗಳ ನಡುವೆ ಹನ್ನೊಂದು ತಿಂಗಳ ಬಿಡುವು. ತಂದೆಯ ಕಾಯಿಲೆಗೆಂದು ಊರಿಗೆ ಹೋಗಿದ್ದರು. ಅದು ಕಾಣಬಾರದೆಂದು ರೆಸ್ಯೂಮೆಯಲ್ಲಿ ತಿಂಗಳು ಬಿಟ್ಟು ಇಸವಿ ಮಾತ್ರ ಬರೆದಿದ್ದರು. ತಿಂಗಳು ಬರೆಯದ ರೆಸ್ಯೂಮೆ ಕಂಡ ಕೂಡಲೇ ನಮಗೆ ಅನುಮಾನ ಬರುತ್ತದೆ, ಮತ್ತು ನಾವು ನಿಜಕ್ಕಿಂತ ದೊಡ್ಡ ಬಿಡುವನ್ನು ಊಹಿಸಿಕೊಳ್ಳುತ್ತೇವೆ. ತಿಂಗಳು ಬರೆಯಿರಿ, "ಕುಟುಂಬದ ಆರೋಗ್ಯ ಕಾರಣಕ್ಕೆ ಬಿಡುವು" ಎಂದು ಒಂದು ಸಾಲು ಹಾಕಿ, ಅಷ್ಟಕ್ಕೇ ನಿಲ್ಲಿಸಿ ಎಂದೆ. ಬಿಡುವನ್ನು ಮುಚ್ಚಲು ಹಿಂದಿನ ಕೆಲಸದ ದಿನಾಂಕ ಎಳೆಯುವ ಸಲಹೆ ಕೊಡುವವರು ಇದ್ದಾರೆ. ಅಂಥವರ ಮಾತು ಕೇಳಬೇಡಿ. ಭವಿಷ್ಯ ನಿಧಿ ಖಾತೆ ಇರುವವರ ಸೇರಿದ ದಿನ, ಬಿಟ್ಟ ದಿನ ಎರಡೂ ಯುಎಎನ್ ದಾಖಲೆಯಲ್ಲಿ ಇರುತ್ತವೆ, ತಪಾಸಣೆ ಮಾಡುವ ಕಂಪನಿಗಳು ಅದನ್ನು ಕೇಳಿ ಪಡೆಯುತ್ತವೆ. ಆಫರ್ ಕೈಗೆ ಬಂದ ಮೇಲೆ ಅದನ್ನು ಕಳೆದುಕೊಂಡವರನ್ನು ನೋಡಿದ್ದೇನೆ. ಬಿಡುವಿನ ಕಾರಣಕ್ಕೇ ಕೈಬಿಡುವ ಕಂಪನಿಗಳು ಇಲ್ಲ ಎಂದು ಹೇಳಲಾರೆ. ಇವೆ, ಅದು ಅನ್ಯಾಯ. ಆದರೆ ಸುಳ್ಳು ದಿನಾಂಕ ಅದಕ್ಕೆ ಪರಿಹಾರವಾಗುವುದಿಲ್ಲ.

ನಾಲ್ಕನೆಯ ಹಂತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾವು ಕಳಿಸಿದ ಪಟ್ಟಿಯನ್ನು ನೋಡಿ ಕಂಪನಿಯವರು ಬೇಡ ಎನ್ನುವ ಕಾರಣಗಳಲ್ಲಿ ಹಲವು ರೆಸ್ಯೂಮೆಗೆ ಸಂಬಂಧಪಟ್ಟವೇ ಅಲ್ಲ. ಒಳಗಿನವರೊಬ್ಬರನ್ನು ಆ ಜಾಗಕ್ಕೆ ಆಗಲೇ ಆರಿಸಿರುತ್ತಾರೆ, ಹುದ್ದೆಯೇ ರದ್ದಾಗಿರುತ್ತದೆ ಆದರೆ ಜಾಹೀರಾತು ಉಳಿದಿರುತ್ತದೆ, ಸಿಎ ಇಂಟರ್ ಓದಿದವರು ಅದೇ ಸಂಬಳಕ್ಕೆ ಸಿಕ್ಕಿರುತ್ತಾರೆ. ರಿಕ್ರೂಟರ್ ಹೀಗೆ ಹೇಳಿದರೆ ರೆಸ್ಯೂಮೆ ತಿದ್ದಲು ಹೋಗಬೇಡಿ.

ಯಾವ ರಿಕ್ರೂಟರನ್ನು ಕೇಳಬೇಕು ಎಂಬುದೂ ಮುಖ್ಯ. ನಿಮ್ಮ ಕ್ಷೇತ್ರದ ಹುದ್ದೆಗಳನ್ನೇ ತುಂಬುವವರಾಗಿರಬೇಕು. ಜಾವಾ ಪ್ರೋಗ್ರಾಮರ್‌ಗಳನ್ನು ಹುಡುಕುವವರಿಗೆ ಅಕೌಂಟೆಂಟ್ ರೆಸ್ಯೂಮೆಯ ಒಳಗು ತಿಳಿಯದು. ಇತ್ತೀಚೆಗೆ ನಿಮ್ಮ ಅರ್ಜಿ ಹೋದ ಹುದ್ದೆಯೊಂದನ್ನು ನಿಭಾಯಿಸಿದವರಾದರೆ ಇನ್ನೂ ಒಳ್ಳೆಯದು. ತಿಂಗಳ ಕೊನೆಯ ವಾರ ಬೇಡ, ಕನ್ಸಲ್ಟೆನ್ಸಿಗಳಲ್ಲಿ ಗುರಿ ಮುಟ್ಟಿಸುವ ಓಡಾಟ ಆಗ ಹೆಚ್ಚು. ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಿ. ನಮ್ಮ ಶುಲ್ಕವನ್ನು ಕೊಡುವುದು ನೇಮಕ ಮಾಡಿಕೊಳ್ಳುವ ಕಂಪನಿ. ಅದು ಹಲವು ಕಡೆ ವಾರ್ಷಿಕ ಸಂಬಳದ ಶೇಕಡಾ 8.33, ಅಂದರೆ ಒಂದು ತಿಂಗಳ ಸಂಬಳದಷ್ಟು ಇರುತ್ತದೆ. ಅಭ್ಯರ್ಥಿ ಕೊಡಬೇಕಾದದ್ದು ಏನೂ ಇಲ್ಲ.

ಇಬ್ಬರು ರಿಕ್ರೂಟರ್‌ಗಳನ್ನು ಕೇಳಿದರೆ ಎರಡು ಥರ ಹೇಳುತ್ತಾರೆ ಎಂಬ ದೂರು ಇದೆ, ಅದು ನಿಜ. ಒಬ್ಬರು ಒಂದೇ ಪುಟ ಸಾಕು ಎನ್ನುತ್ತಾರೆ, ಇನ್ನೊಬ್ಬರು ಎರಡು ಇರಲಿ ಎನ್ನುತ್ತಾರೆ. ಆಗ ಅವರ ಮಾತಿನಲ್ಲಿ ರುಚಿ ಎಷ್ಟು, ಕಂಡದ್ದು ಎಷ್ಟು ಎಂದು ಬೇರ್ಪಡಿಸಿಕೊಳ್ಳಿ. ಫೋಟೊ ಬೇಡ, ಈ ಅಕ್ಷರ ಚೆನ್ನಾಗಿಲ್ಲ ಎಂಬುದೆಲ್ಲ ಅವರವರ ರುಚಿ. "ನಾನು ಹುಡುಕಿದಾಗ ನೀವು ಬರಲಿಲ್ಲ", "ಈ ಹುದ್ದೆಗೆ ಕಂಪನಿ ಇಟ್ಟದ್ದು ನಾಲ್ಕೂವರೆ ಲಕ್ಷ, ನೀವು ಕೇಳಿದ್ದು ಆರು" ಎಂಬುದು ಅವರು ಕಂಡದ್ದು. ಕಂಡದ್ದಕ್ಕೆ ಬೆಲೆ ಕೊಡಿ. ಅವರು ಹೇಳಿದ್ದು ತಪ್ಪು ಎನಿಸಿದರೂ ಆಗಲೇ ಸಮರ್ಥನೆಗೆ ಇಳಿಯಬೇಡಿ. "ಹಾಗನಿಸಿದ್ದು ಯಾವ ಸಾಲು ಓದಿದಾಗ?" ಎಂದು ಮಾತ್ರ ಕೇಳಿ. ಆ ಸಾಲು ಎಲ್ಲಿದೆ ಎಂದು ಅವರು ತೋರಿಸಿದರೆ ತಿದ್ದಬಹುದು, ತೋರಿಸಲಾಗದಿದ್ದರೆ ಅದು ಅವರ ಅನಿಸಿಕೆ. ಮತ್ತೆ ನಮಗೂ ಒಂದು ಮಿತಿ ಇದೆ. ನಿಮ್ಮ ಜಿಎಸ್‌ಟಿ ಜ್ಞಾನ ಎಷ್ಟು ಆಳ ಎಂದು ನಾನು ಅಳೆಯಲಾರೆ. ಅದನ್ನು ಆ ಕೆಲಸ ಮಾಡಿಸುವ ಹಿರಿಯ ಅಕೌಂಟೆಂಟ್ ಒಬ್ಬರಿಗೆ ತೋರಿಸಿ ತಿಳಿಯಬೇಕು.

ಆ ಹೆಣ್ಣುಮಗಳು ಊರು, ನೋಟಿಸ್, ತಲೆಸಾಲು ಮೂರನ್ನೂ ಅಂದೇ ಸರಿಮಾಡಿದರು. ವಾರದೊಳಗೆ ಅಕೌಂಟ್ಸ್ ಹುದ್ದೆಗಳಿಗೇ ಕರೆಗಳು ಬರಲು ಶುರುವಾದವು. ಗೊತ್ತಿಲ್ಲದ ನಂಬರನ್ನು ಎತ್ತದಿರುವ ಅಭ್ಯಾಸವನ್ನೂ ಅವರು ಬಿಡಬೇಕಾಯಿತು, ಯಾಕೆಂದರೆ ನಾವು ಒಮ್ಮೆ ಮಾಡಿ ಎತ್ತದಿದ್ದರೆ ಪಟ್ಟಿಯ ಮುಂದಿನ ಹೆಸರಿಗೆ ಹೋಗುತ್ತೇವೆ. ಮೊದಲ ಎರಡು ಸಂದರ್ಶನಗಳಲ್ಲಿ ಎಕ್ಸೆಲ್ ಪರೀಕ್ಷೆ ಕೊಟ್ಟರು, ಅಲ್ಲಿ ತಡವರಿಸಿದರು. ತಾಳೆ ನೋಡುವ ಕೆಲಸವನ್ನೆಲ್ಲ ಅವರು ಕಣ್ಣಿನಿಂದಲೇ ಮಾಡುತ್ತಿದ್ದರು, ವಿಲುಕಪ್ ಸೂತ್ರ ಬಳಸಿ ಗೊತ್ತಿರಲಿಲ್ಲ. ಅದು ರೆಸ್ಯೂಮೆಯಿಂದ ಮುಚ್ಚಬಹುದಾದ ಕೊರತೆಯಲ್ಲ, ಕಲಿತರು. ಈಗ ನೆಲಮಂಗಲದ ಹತ್ತಿರ ಒಂದು ಉತ್ಪಾದನಾ ಘಟಕದಲ್ಲಿ ಅಕೌಂಟೆಂಟ್ ಆಗಿದ್ದಾರೆ.

ಕೊನೆಯದಾಗಿ, ನನ್ನ ವೃತ್ತಿಯವರು ಯಾರಾದರೂ ಕೇಳುತ್ತಿದ್ದರೆ ಅವರಲ್ಲಿ ಒಂದು ಕೋರಿಕೆ. "ನಾನು ಯಾವ ಹಂತದಲ್ಲಿ ಬಿದ್ದೆ" ಎಂದು ಯಾರಾದರೂ ಮರ್ಯಾದೆಯಿಂದ ಕೇಳಿದಾಗ ಚೆನ್ನಾಗಿದೆ ಎಂಬ ಉತ್ತರ ಕಳಿಸಬೇಡಿ. ಸಂಬಳ, ನೋಟಿಸ್, ಊರು, ಅನುಭವ, ಇವುಗಳಲ್ಲಿ ಕಾರಣವಾದ ಒಂದು ಪದ ಬರೆದು ಕಳಿಸಿ, ಸಾಕು. ನಿಮ್ಮ ಟ್ರ್ಯಾಕರ್‌ನ ರಿಮಾರ್ಕ್ಸ್ ಕಾಲಂನಲ್ಲಿ ಆ ಪದವನ್ನು ನೀವು ಆಗಲೇ ಬರೆದಿರುತ್ತೀರಿ.